ಗಂಟಲಿಗೆ ಕೈ ಹಾಕುವ ಮುನ್ನ

“ಸಂಪಾದಕರಿಗೆ ನಮಸ್ಕಾರ. ತಿಂಗಳ ಹಿಂದೆ ಒಂದು ರಾತ್ರಿ ಎಲ್ಲಿಂದಲೋ ಬಂದ ನಾಯಿ ಕೊಟ್ಟಿಗೆಗೆ ನುಗ್ಗಿ ನಮ್ಮ ಹಸುವಿನ ಮೂತಿಗೆ, ಕರುವಿನ ಹಿಂಗಾಲಿಗೆ ಕಚ್ಚಿ ಓಡಿತು. ಗಾಯ ವಾರದಲ್ಲಿ ಒಣಗಿತು. ಮೊನ್ನೆ ಹಸು ಮೇವು ಬಿಟ್ಟು ಜೊಲ್ಲು ಸುರಿಸತೊಡಗಿತು. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಕೈ ಹಾಕಿ ನೋಡಿದೆ, ಏನೂ ಸಿಗಲಿಲ್ಲ. ಐದನೇ ದಿನ ಸತ್ತುಹೋಯಿತು. ರೇಬಿಸ್ ಎಂದರು ಪಶುವೈದ್ಯರು. ಹೆಂಡತಿಯ ಒತ್ತಾಯಕ್ಕೆ ಎರಡು ಚುಚ್ಚುಮದ್ದು ಹಾಕಿಸಿಕೊಂಡೆ. ಹಸು ಯಾರಿಗೂ ಹಾಯಲಿಲ್ಲ, ಕಚ್ಚಲಿಲ್ಲ. ಹಸುವಿನಿಂದ ಮನುಷ್ಯನಿಗೆ ಬಂದದ್ದನ್ನು ಯಾರು ಕಂಡಿದ್ದಾರೆ ಎಂದು ನೆರೆಯವರು ನಗುತ್ತಾರೆ. ಉಳಿದ ಚುಚ್ಚುಮದ್ದು ಬೇಕೇ? ಹಾಲು ಕುಡಿದ ಮಕ್ಕಳ ಗತಿಯೇನು? ಕರುವಿಗೇನು ಮಾಡಲಿ?”
— ಒಬ್ಬ ಹೈನುಗಾರ

ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲವಾದ್ದರಿಂದ ಪತ್ರ ಕೈಸೇರಿದ ದಿನವೇ ನಿಮಗೆ ಫೋನ್ ಮಾಡಿದ್ದೆ. ಆಗ ನೀವು ಪತ್ರದಲ್ಲಿ ಬರೆಯದೆ ಬಿಟ್ಟಿದ್ದ ಒಂದು ಮಾತು ಹೊರಬಂತು: ಕೈ ಹಾಕಿದ ದಿನ ನಿಮ್ಮ ಹೆಬ್ಬೆರಳಲ್ಲಿ ಕುಡುಗೋಲು ತಾಗಿದ ಹಸಿ ಗಾಯವಿತ್ತು. ಅದನ್ನು ನೀವು ಆಸ್ಪತ್ರೆಯಲ್ಲೂ ಹೇಳಿರಲಿಲ್ಲ! ಇಡೀ ಪ್ರಕರಣ ನಿಂತಿರುವುದೇ ಆ ಬೆರಳಿನ ಮೇಲೆ. ಮೊದಲು ನಿಮ್ಮ ಮನೆಯಾಕೆಗೆ ನನ್ನ ನಮಸ್ಕಾರ ತಿಳಿಸಿ. ಅವರು ಹಟ ಹಿಡಿಯದಿದ್ದರೆ ಆ ಎರಡೂ ನಿಮಗೆ ಸಿಗುತ್ತಿರಲಿಲ್ಲ.

ನಿಮ್ಮ ನೆರೆಯವರ ಮಾತಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಮನುಷ್ಯರಿಗೆ ರೇಬಿಸ್ ತಗಲುವುದು ಬಹುಪಾಲು ನಾಯಿ ಕಡಿತದಿಂದಲೇ, ಹಸುವಿನಿಂದ ಬರುವುದು ಅಪರೂಪ. ಆದರೆ ಅಪರೂಪ ಎಂಬ ಮಾತು ಹಸುವಿನ ಮೈ ಸವರಿದವನಿಗೆ, ಮೇವು ಹಾಕಿದವನಿಗೆ ಸಲ್ಲುತ್ತದೆ. ಗಾಯವಿಲ್ಲದ ಚರ್ಮಕ್ಕೆ ಜೊಲ್ಲು ತಾಗಿದರೆ ಚುಚ್ಚುಮದ್ದೇ ಬೇಡ, ತೊಳೆದುಕೊಂಡರೆ ಸಾಕು. ಒಡೆದ ಚರ್ಮಕ್ಕೆ, ಕಣ್ಣಿಗೆ, ಬಾಯಿಗೆ ಜೊಲ್ಲು ಬಿದ್ದರೆ ವೈದ್ಯರು ಅದನ್ನು ಮೂರನೇ ವರ್ಗಕ್ಕೆ, ಅಂದರೆ ನಾಯಿ ಆಳವಾಗಿ ಕಚ್ಚಿದ ವರ್ಗಕ್ಕೇ ಸೇರಿಸುತ್ತಾರೆ. ಅಂಥ ಗಾಯಾಳುವಿಗೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಮದ್ದು ಕೂಡ ಬೇಕು. ಅದನ್ನು ಮೊದಲ ಡೋಸಿನಿಂದ ಏಳು ದಿನದೊಳಗೆ ಮಾತ್ರ ಕೊಡುವುದು. ಆಮೇಲೆ ಲಸಿಕೆಯ ಪ್ರತಿಕಾಯಗಳೇ ಹುಟ್ಟಿರುತ್ತವೆ. ಅದಕ್ಕೇ ಅವತ್ತು ಫೋನಿನಲ್ಲಿ ಅಷ್ಟು ಅವಸರ ಮಾಡಿದ್ದು. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ, ಸ್ನಾಯುವಿಗಾದರೆ ನಡುವೆ 14ನೇ ದಿನವೂ ಸೇರುತ್ತದೆ. ನೆರೆಯವರು ನಗುತ್ತಾರೆಂದು ಅರ್ಧಕ್ಕೆ ಬಿಡಬೇಡಿ.

ಹಸು ಹಾಯಲಿಲ್ಲ ಎಂದಿರಲ್ಲ, ನನಗೆ ಸದಾ ಸಿಟ್ಟು ಬರಿಸುವ ಜಾಗ ಅದೇ. ರೇಬಿಸ್ ಅಂದರೆ ಕೆಂಡಗಣ್ಣು, ಕಂಡಕಂಡವರ ಮೇಲೆ ಎರಗುವುದು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ದನಗಳಲ್ಲಿ ಎಷ್ಟೋ ಸಲ ಅದು ಸದ್ದಿಲ್ಲದೆ ನಡೆಯುವ ರೋಗ. ಕಚ್ಚಿದ ಜಾಗದಿಂದ ವೈರಸ್ ನರ ಹಿಡಿದು ಮೆದುಳಿಗೆ ಏರುತ್ತದೆ. ಅಷ್ಟು ದಿನ ಹಸು ಎಂದಿನಂತೆ ಮೇಯುತ್ತದೆ, ಹಾಲು ಕೊಡುತ್ತದೆ. ಹೆಚ್ಚಾಗಿ ಎರಡು ವಾರದಿಂದ ಮೂರು ತಿಂಗಳ ಹೊತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಾಯಿ ಕಂಡರೆ ಹಸು ತಲೆ ತಗ್ಗಿಸಿ ಎದುರು ನಿಲ್ಲುತ್ತದೆ, ಹಾಗಾಗಿ ಮೂತಿಗೇ ಕಚ್ಚಿಸಿಕೊಳ್ಳುತ್ತದೆ. ಮೂತಿಯಿಂದ ಮೆದುಳಿಗೆ ದಾರಿ ಹತ್ತಿರ. ಮೆದುಳು ಸೇರಿದ ವೈರಸ್ ನರಗಳ ಮೂಲಕವೇ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಅಷ್ಟರಲ್ಲಿ ಗಂಟಲಿನ ಸ್ನಾಯು ಸೋತು, ಹಸುವಿಗೆ ತನ್ನ ಜೊಲ್ಲನ್ನೇ ನುಂಗಲಾಗದೆ ಅದು ಹೊರಗೆ ಸುರಿಯುತ್ತದೆ. ನೋಡಿದವರಿಗೆ ಏನೋ ಸಿಕ್ಕಿಕೊಂಡ ಹಾಗೆ ಕಾಣುತ್ತದೆ. ಜೊಲ್ಲಿನಲ್ಲಿ ವೈರಸ್ ಇರುವ ದಿನಗಳಲ್ಲೇ ಒಡೆಯನ ಕೈ ಬಾಯೊಳಗೆ ಹೋಗುತ್ತದೆ.

ನನಗೆ ಪರಿಚಯದ ಹಿರಿಯ ಪಶುವೈದ್ಯರೊಬ್ಬರು ‘ಗಂಟಲಲ್ಲಿ ಏನೋ ಸಿಕ್ಕಿದೆ’ ಎಂದು ಯಾರೇ ಫೋನ್ ಮಾಡಲಿ, “ಮೂರು ತಿಂಗಳಲ್ಲಿ ನಾಯಿ ಏನಾದರೂ ಕಚ್ಚಿತ್ತೇನಪ್ಪಾ?” ಎಂದು ಕೇಳದೆ ಮನೆ ಬಿಟ್ಟು ಹೊರಡುವುದಿಲ್ಲ. “ಎಲ್ಲಿಯಾದರೂ ಕೈ ಹಾಕಿಬಿಟ್ಟಿದ್ದೀಯಾ?” ಎಂಬುದು ಅವರ ಎರಡನೇ ಪ್ರಶ್ನೆ. ಅವರು ಹೇಳುವ ಒಂದು ಪ್ರಸಂಗದಲ್ಲಿ, ಹಸು ಬೇರೆ ದನದ ಮೇಲೆ ಹತ್ತುತ್ತಿದೆ, ಒಂದೇ ಸಮ ಕೂಗುತ್ತಿದೆ ಎಂದು ಮನೆಯವರು ಬೆದೆಗೆ ಬಂತೆಂದು ತಿಳಿದು ಕೃತಕ ಗರ್ಭಧಾರಣೆ ಮಾಡುವವನನ್ನು ಕರೆಸಿದ್ದರಂತೆ. ಅದು ರೇಬಿಸ್. ಇನ್ನು ಕೆಲವು ಹಸುಗಳು ಸಗಣಿ ಹಾಕಲು ತಿಣುಕುತ್ತವೆ, ಮಲಬದ್ಧತೆ ಎಂದು ಎಣ್ಣೆ ಕುಡಿಸಲು ಬಾಯಿ ಬಿಡಿಸುತ್ತಾರೆ.

ಹಾಗಾದರೆ ಗುರುತಿಸುವುದು ಹೇಗೆ? ನಿಜವಾಗಿ ಗಂಟಲಿಗೆ ಸಿಕ್ಕಿದ್ದರೆ ತೊಂದರೆ ತಿನ್ನುವಾಗಲೇ ಥಟ್ಟನೆ ಶುರುವಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ಕಾಲುಬಾಯಿ ರೋಗದಲ್ಲಿ ಜೊಲ್ಲಿನ ಜೊತೆ ಜ್ವರ, ನಾಲಿಗೆ ಗೊರಸುಗಳಲ್ಲಿ ಬೊಬ್ಬೆ. ರೇಬಿಸ್ಸಿನಲ್ಲಿ ಮೊದಲು ಹಾಲು ಇಳಿದು, ಹಸು ಮಂಕಾಗಿ ಗುಂಪು ಬಿಟ್ಟು ನಿಲ್ಲುತ್ತದೆ. ಮರುದಿನ ಜೊಲ್ಲು. ಆಮೇಲೆ ದನಿ ಒಡೆದು, ಕೂಗು ಗೊಗ್ಗರಾಗುತ್ತದೆ. ಧ್ವನಿಪೆಟ್ಟಿಗೆಯ ಸ್ನಾಯುಗಳೂ ಸೋತಿರುತ್ತವೆ. ಹಿಂಗಾಲು ತೊಡರಿ, ಗೊರಸು ಮಡಚಿ, ಬಾಲ ಜೋತುಬೀಳುತ್ತದೆ. ದಿನದಿಂದ ದಿನಕ್ಕೆ ಕೆಡುತ್ತಾ ಹತ್ತು ದಿನದೊಳಗೆ ಮುಗಿಯುತ್ತದೆ. ಬಾಯಿ ನೋಡಲೇಬೇಕಾದರೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರುವ ಪಶುವೈದ್ಯರು ನೋಡಲಿ.

ಹಾಲಿನ ಪ್ರಶ್ನೆಗೆ ಉತ್ತರ ಚಿಕ್ಕದು. ಕುದಿಸಿದರೆ ವೈರಸ್ ಸಾಯುತ್ತದೆ, ಕಾಯಿಸಿದ ಹಾಲು ಕುಡಿದ ಮಕ್ಕಳಿಗೆ ಚುಚ್ಚುಮದ್ದು ಬೇಡ. ಹಸಿ ಹಾಲು ಕುಡಿದವರಿದ್ದರೆ ವೈದ್ಯರ ಮುಂದೆ ಹೇಳಲಿ. ರೋಗ ಕಂಡ ಹಸುವಿನ ಹಾಲನ್ನು ಮಾತ್ರ ಚೆಲ್ಲಿಬಿಡಬೇಕು, ಕರುವಿಗೂ ಬಿಡಬಾರದು.

ನನ್ನ ಚಿಂತೆಯೆಲ್ಲ ಕರುವಿನದು. ಕಚ್ಚಿದ ರಾತ್ರಿಯೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಹೊಲಿಗೆ ಹಾಕದೆ ಬಿಟ್ಟು, ಮರುದಿನ ಲಸಿಕೆ ಶುರು ಮಾಡಿದ್ದರೆ ಹಸುವಿಗೂ ಒಂದು ಅವಕಾಶವಿತ್ತು. ಕರುವಿಗೆ ಇನ್ನೂ ಲಕ್ಷಣವಿಲ್ಲದಿದ್ದರೆ ಈಗಲೂ 0, 3, 7, 14, 28ರ ಕ್ರಮದಲ್ಲಿ ಹಾಕಿಸಿ. ತಡವಾಗಿರುವುದರಿಂದ ಉಳಿದೇ ಉಳಿಯುತ್ತದೆ ಎಂಬ ಭರವಸೆ ಕೊಡಲಾರೆ. ಆರು ತಿಂಗಳು ಬೇರೆ ಕಟ್ಟಿ, ಮಾರಬೇಡಿ, ಬೆರಳು ಚೀಪಿಸಬೇಡಿ. ಲಕ್ಷಣ ಕಂಡ ಮೇಲೆ ಯಾವ ಲಸಿಕೆಯೂ ಕೆಲಸ ಮಾಡದು.

ಈಗ ನನ್ನ ಹಳೆಯ ದೂರು. 1881ರಲ್ಲಿ ಲಿಯೋನ್ ಪಶುವೈದ್ಯ ಶಾಲೆಯ ಪ್ರಾಧ್ಯಾಪಕ ಗಾಲ್ಟಿಯೆ ರೇಬಿಸ್ ಜೊಲ್ಲನ್ನು ಕುರಿಗಳ ರಕ್ತನಾಳಕ್ಕೆ ಚುಚ್ಚಿ, ಅವು ರೋಗಕ್ಕೆ ಬಗ್ಗದೆ ನಿಂತದ್ದನ್ನು ವರದಿ ಮಾಡಿದ್ದ. ಪಾಶ್ಚರ್ 1885ರಲ್ಲಿ ನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಲಸಿಕೆ ಕೊಡುವುದಕ್ಕೂ ನಾಲ್ಕು ವರ್ಷ ಮೊದಲು. ದಾರಿ ತೋರಿಸಿದ್ದು ಕೊಟ್ಟಿಗೆಯ ಪ್ರಾಣಿ, ಇವತ್ತು ಲೆಕ್ಕಕ್ಕೆ ಬಾರದೆ ಸಾಯುವುದೂ ಅದೇ. ತಲೆ ತೆಗೆದು ಮೆದುಳಿನ ಮಾದರಿ ಪ್ರಯೋಗಾಲಯಕ್ಕೆ ಕಳಿಸಿದರೆ ಮಾತ್ರ ಖಚಿತವಾಗುವ ಕಾಯಿಲೆ ಇದು, ಮತ್ತು ಅದು ತರಬೇತಾದವರ ಕೆಲಸ. ಮಾದರಿ ಹೋಗುವುದಿಲ್ಲ, ‘ವಿಷ ತಿಂದಿರಬೇಕು’ ಎಂದು ಬರೆದು ಮುಗಿಸುತ್ತಾರೆ. ಹೆಣವನ್ನು ಸುಣ್ಣ ಹಾಕಿ ಆಳವಾಗಿ ಹೂಳುವ ಬದಲು ಚರ್ಮ ಸುಲಿದು ಬಯಲಿಗೆ ಎಸೆಯುತ್ತಾರೆ. ಅದನ್ನು ತಿನ್ನಲು ಬರುವುದು ಮತ್ತೆ ನಾಯಿಗಳೇ.

ಅಪಾಯವಿರುವ ಕಡೆ ದನಕ್ಕೆ ಮುಂಚಿತವಾಗಿಯೇ, ಮೂರು ತಿಂಗಳ ವಯಸ್ಸಿನಿಂದ ಲಸಿಕೆ ಹಾಕಿಸಬಹುದು. ಆದರೆ ಬೇರು ನಾಯಿಯಲ್ಲಿದೆ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ಬೀದಿನಾಯಿಗಳ ಮೇಲೆ ನನಗೆ ಬರುವ ಪತ್ರಗಳಿಗೆ ಲೆಕ್ಕವಿಲ್ಲ. ಅದನ್ನು ಬರೆಯುವವರಲ್ಲೇ ಎಷ್ಟೋ ಜನ ಕೊಟ್ಟಿಗೆ ಬಾಗಿಲಲ್ಲಿ ಕಟ್ಟಿದ ತಮ್ಮ ನಾಯಿಗೆ ಒಂದು ಸೂಜಿಯನ್ನೂ ಹಾಕಿಸಿರುವುದಿಲ್ಲ. ನಿಮ್ಮ ಪತ್ರದಲ್ಲಿ ಕಾವಲು ನಾಯಿಯ ಮಾತೇ ಇಲ್ಲ. ಇದೆಯೇ? ಇದ್ದರೆ ಆ ರಾತ್ರಿ ಅದಕ್ಕೂ ಕಚ್ಚಿತೇ, ಕೊನೆಯ ಲಸಿಕೆ ಯಾವಾಗ ಹಾಕಿಸಿದ್ದು ಎಂದು ಪಶುವೈದ್ಯರಿಗೆ ಇವತ್ತೇ ಹೇಳಿ, ನನಗೂ ಒಂದು ಸಾಲು ಬರೆಯಿರಿ.
— ಸಂಪಾದಕ