ನಷ್ಟದ ಭಯ ತೋರಿಸಿದ ಕರಪತ್ರಕ್ಕೆ ಕರೆಗಳು ಏಕೆ ಬರಲಿಲ್ಲ

ಪ್ರಶ್ನೆ: ನಾವು ಕೃಷಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತೇವೆ. ಜಾಹೀರಾತಿನಲ್ಲಿ ಭಾವನೆಗೆ ಒತ್ತು ಕೊಡಬೇಕೇ, ಲೆಕ್ಕಾಚಾರಕ್ಕೆ ಕೊಡಬೇಕೇ? ‘ಈಗ ತೆಗೆದುಕೊಳ್ಳದಿದ್ದರೆ ನಷ್ಟ’ ಎಂದು ಬರೆದರೆ ಜನ ಬೇಗ ಕರೆ ಮಾಡುತ್ತಾರೆಯೇ?

ಉತ್ತರ:

ಕಾಸರಗೋಡಿನ ಬದಿಯಡ್ಕದ ಆಸುಪಾಸಿನಲ್ಲಿ ಅಡಿಕೆ ಮರಗಳಿಗೆ ಮದ್ದು ಬಿಡುವ ಒಂದು ತಂಡಕ್ಕೆ ನಾನು ಹಲವು ವರ್ಷ ಕರಪತ್ರ ಬರೆದುಕೊಡುತ್ತಿದ್ದೆ. ಮರ ಹತ್ತುವವರು ಸಿಗುವುದು ಕಷ್ಟವಾದ ಮೇಲೆ, ಫೈಬರ್ ದೋಟಿ ಹಿಡಿದು ನೆಲದ ಮೇಲೆಯೇ ನಿಂತು, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಲಿತ ಯುವಕರ ತಂಡ ಅದು. ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು, ಒಂದು ಸಲ ಮದ್ದು ಬಿಡಿಸಬೇಕೆಂದು ನಮ್ಮ ಕಡೆಯ ತೋಟಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೊಡಕು ಇರುವುದು ಎರಡನೆಯ ಸಲದಲ್ಲಿ. ಮೊದಲ ಸಿಂಪಡಣೆಯಾಗಿ 40ರಿಂದ 45 ದಿನಗಳಲ್ಲಿ ಅದು ನಡೆಯಬೇಕು. ಆಗ ಮಳೆ ಜೋರಾಗಿರುತ್ತದೆ, ಕೆಲವು ಗಂಟೆಗಳ ಬಿಡುವು ಸಿಕ್ಕಿದರೆ ಅದೇ ಪುಣ್ಯ ಎನ್ನುವ ಸ್ಥಿತಿ ಇರುತ್ತದೆ, ಆಳುಗಳು ಸಿಗುವುದಿಲ್ಲ. ಕೊಳೆರೋಗ, ಎಂದರೆ ಮಹಾಳಿ, ಎಳೆಕಾಯಿಗಳನ್ನು ಉದುರಿಸುವುದೂ ಇದೇ ದಿನಗಳಲ್ಲಿ.

ಎರಡನೆಯ ಸಲಕ್ಕೆ ಜನ ಕರೆಯುವಂತೆ ಮಾಡಬೇಕೆಂದು ಒಂದು ವರ್ಷ ನಾನು ಬರೆದ ಕರಪತ್ರದ ತಲೆಬರಹ ಹೀಗಿತ್ತು: ‘ಕಳೆದ ಮಳೆಗಾಲದಲ್ಲಿ ನಮ್ಮ ಊರಿನ ಹೆಚ್ಚಿನ ತೋಟಗಾರರು ಎರಡನೆಯ ಸಲ ಮದ್ದು ಬಿಡಿಸಲಿಲ್ಲ. ಅವರ ತೋಟಗಳಲ್ಲಿ ಕಾಯಿಗಳು ರಾಶಿರಾಶಿಯಾಗಿ ಉದುರಿದವು. ಈ ಸಲ ನೀವೂ ಕಳೆದುಕೊಳ್ಳುವಿರಾ?’ ಕೆಳಗೆ ಬಿಳಿ ಬೂಸಲು ಹಿಡಿದು ನೆಲದಲ್ಲಿ ಬಿದ್ದ ಕಾಯಿಗಳ ಚಿತ್ರವಿತ್ತು. ಹೇಳಿದ್ದೆಲ್ಲ ನಿಜ. ನಷ್ಟದ ಮಾತಿತ್ತು, ಭಾವನೆ ಕಲಕುವ ಚಿತ್ರವಿತ್ತು, ಊರಿನ ಉದಾಹರಣೆಯೂ ಇತ್ತು. ಆದರೂ ಮೊದಲ ಸಲಕ್ಕೆ ಎಂದಿನಂತೆ ಬಂದ ಕರೆಗಳು ಎರಡನೆಯದಕ್ಕೆ ಹಿಂದಿನ ವರ್ಷಕ್ಕಿಂತಲೂ ಕಡಿಮೆಯಾದವು. ತಂಡ ಅದೇ ಭರವಸೆಯಿಂದ ಮುಂಗಡವಾಗಿ ಕೊಂಡಿದ್ದ ಮೈಲುತುತ್ತು ಮೂಟೆಗಳಲ್ಲೇ ಉಳಿಯಿತು, ಬಾಡಿಗೆಗೆ ತಂದ ಎರಡು ದೋಟಿಗಳ ಹಣ ಹುಟ್ಟಲಿಲ್ಲ.

ಮಳೆ ಕಾರಣವಿರಬಹುದೆಂದು ನಾವು ಅಂದುಕೊಂಡಿದ್ದೆವು. ನಿಜವಾದ ಕಾರಣ ತಿಳಿದದ್ದು ನೀರ್ಚಾಲಿನ ಒಬ್ಬ ಹಿರಿಯ ಕೃಷಿಕರ ಜಗಲಿಯಲ್ಲಿ. ‘ಈ ಸಲ ಏಕೆ ಕರೆಯಲಿಲ್ಲ ಮಾವ?’ ಎಂದು ಕೇಳಿದಾಗ ಅವರು, ‘ಹೆಚ್ಚಿನವರು ಒಂದಕ್ಕೇ ನಿಲ್ಲಿಸುತ್ತಾರೆ ಎಂದು ನೀವೇ ಬರೆದದ್ದಲ್ಲವೋ? ಊರಿಗೆ ಊರೇ ಬಿಡಿಸದಿದ್ದರೆ ನಾನೊಬ್ಬ ಏಕೆ ಬಿಡಿಸಲಿ?’ ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಕರಪತ್ರದಿಂದ ಅವರು ಪಡೆದ ಮಾಹಿತಿ ಅದೇ ಆಗಿತ್ತು.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಬರೆಯಬೇಕೆಂದಿರುವ ಸಾಲು ಇದಕ್ಕೆ ತೀರ ಹತ್ತಿರದಲ್ಲಿದೆ. ‘ಹೆಚ್ಚಿನವರು ಮಾಡುವುದಿಲ್ಲ, ಅದಕ್ಕೇ ನಷ್ಟ’ ಎಂಬ ವಾಕ್ಯದಲ್ಲಿ ಎರಡು ಸಂದೇಶಗಳಿವೆ. ಬರೆಯುವವನ ಮನಸ್ಸಿನಲ್ಲಿರುವುದು ನಷ್ಟ. ಓದುವವನ ಮನಸ್ಸಿಗೆ ಮೊದಲು ತಾಗುವುದು ‘ಹೆಚ್ಚಿನವರು ಮಾಡುವುದಿಲ್ಲ’ ಎಂಬ ಸುದ್ದಿ. ಮನುಷ್ಯ ಏನು ಮಾಡಬೇಕೆಂದು ಖಚಿತವಿಲ್ಲದಿದ್ದಾಗ ತನ್ನಂಥವರು ಏನು ಮಾಡುತ್ತಿದ್ದಾರೆಂದು ನೋಡುತ್ತಾನೆ. ಹೀಗಾಗಿ ನಾನು ದೂರುತ್ತಿದ್ದ ನಡವಳಿಕೆಯನ್ನೇ ಊರಿನ ರೂಢಿ ಎಂದು ಅಚ್ಚು ಹಾಕಿಸಿ ಹಂಚಿದ್ದೆ. ಸಾಲದೆಂಬಂತೆ, ಒಂದೇ ಸಲಕ್ಕೆ ನಿಲ್ಲಿಸಿದ ಮನೆಯವರಿಗೆ ಅಲ್ಲಿಯವರೆಗೆ ಇದ್ದ ಅಳುಕನ್ನೂ ಆ ಸಾಲು ತೆಗೆದುಹಾಕಿತು. ನಷ್ಟವಾದರೂ ಅದು ಎಲ್ಲರಿಗೂ ಆದ ನಷ್ಟ, ಅದನ್ನು ಸಹಿಸುವುದು ಸುಲಭ.

ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿಹೋದ ಪುರಾತನ ಮರಗಳ ರಾಷ್ಟ್ರೀಯ ಉದ್ಯಾನವೊಂದಿದೆ. ಅಲ್ಲಿನ ತುಂಡುಗಳನ್ನು ಪ್ರವಾಸಿಗರು ಕದ್ದೊಯ್ಯುತ್ತಿದ್ದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡಿನಿ ಮತ್ತು ಸಂಗಡಿಗರು ಗುರುತು ಹಾಕಿದ ತುಂಡುಗಳನ್ನು ದಾರಿಯಲ್ಲಿಟ್ಟು ಫಲಕಗಳನ್ನು ಬದಲಿಸಿ ನೋಡಿದರು. ‘ಹಿಂದೆ ಬಂದ ಅನೇಕರು ತುಂಡುಗಳನ್ನು ಒಯ್ದು ಉದ್ಯಾನವನ್ನು ಕೆಡಿಸಿದ್ದಾರೆ’ ಎಂಬ ಫಲಕ ಇದ್ದಾಗ ನೂರರಲ್ಲಿ ಸುಮಾರು 8 ತುಂಡುಗಳು ಕಾಣೆಯಾದವು; ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಬರೆದಾಗ 2ಕ್ಕಿಂತ ಕಡಿಮೆ. 2006ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಓದಿದ್ದು ಕರಪತ್ರ ಹಂಚಿಯಾದ ಮೇಲೆ.

ಮುಂದಿನ ವರ್ಷ ತಂಡದ ಲೆಕ್ಕದ ಪುಸ್ತಕ ತೆರೆದು ಕುಳಿತೆವು. ಊರಿನ ಎಲ್ಲ ತೋಟಗಾರರನ್ನು ಲೆಕ್ಕಕ್ಕೆ ಹಿಡಿದರೆ ಎರಡನೆಯ ಸಲ ಬಿಡಿಸುವವರು ಕಡಿಮೆ ಎನ್ನುವುದು ಸತ್ಯ. ಆದರೆ ನಮ್ಮಿಂದ ಮೊದಲ ಸಲ ಬಿಡಿಸಿದ ನೀರ್ಚಾಲು ಭಾಗದ ಮನೆಗಳನ್ನಷ್ಟೇ ತೆಗೆದುಕೊಂಡರೆ ಅರ್ಧಕ್ಕಿಂತ ಹೆಚ್ಚಿನವರು ಎರಡನೆಯದನ್ನೂ ಮಾಡಿಸಿದ್ದರು, ಅದೂ ಅಷ್ಟೇ ಸತ್ಯ. ಹೊಸ ಕರಪತ್ರದಲ್ಲಿ ಆ ಎರಡನೆಯ ಸತ್ಯವನ್ನು ಬರೆದೆವು, ಊರಿನ ಹೆಸರು ಹಾಕಿಯೇ ಬರೆದೆವು. ಊರಿನ ಹೆಸರಿಗೆ ತೂಕವಿದೆ. ಚಾಲ್ಡಿನಿಯವರೇ ಗೋಲ್ಡ್‌ಸ್ಟೈನ್ ಮೊದಲಾದವರೊಂದಿಗೆ ಸೇರಿ 2008ರಲ್ಲಿ ಪ್ರಕಟಿಸಿದ ಹೋಟೆಲ್ ಅಧ್ಯಯನದಲ್ಲಿ, ಪರಿಸರ ಉಳಿಸಿ ಎಂಬ ವಿನಂತಿಗೆ ನೂರರಲ್ಲಿ 35 ಮಂದಿ ಟವೆಲನ್ನು ಮತ್ತೆ ಬಳಸಿದರೆ, ಇತರ ಅತಿಥಿಗಳಲ್ಲಿ ಹೆಚ್ಚಿನವರು ಹಾಗೆ ಮಾಡುತ್ತಾರೆ ಎಂದಾಗ ಆ ಸಂಖ್ಯೆ 44 ಆಯಿತು. ಮುಂದಿನ ಪ್ರಯೋಗದಲ್ಲಿ, ಇದೇ ಕೋಣೆಯಲ್ಲಿ ತಂಗಿದ್ದವರು ಹಾಗೆ ಮಾಡಿದ್ದಾರೆ ಎಂದು ಬರೆದಾಗ 49ಕ್ಕೆ ಏರಿತು. ‘ಸಾವಿರಾರು ಸಂತೃಪ್ತ ಗ್ರಾಹಕರು’ ಎಂದು ಬರೆಯುವುದಕ್ಕಿಂತ ಓದುವವನಿಗೆ ಗುರುತಿರುವ ನಾಲ್ಕು ತೋಟಗಳನ್ನು, ಅವರ ಒಪ್ಪಿಗೆ ಪಡೆದು, ಹೆಸರಿಸುವುದು ಮೇಲು.

ಇನ್ನು ನಷ್ಟದ ಮಾತು. ಮನಶ್ಶಾಸ್ತ್ರಜ್ಞರಾದ ಕಾನ್‌ಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ತೋರಿಸಿದಂತೆ, ಅಷ್ಟೇ ಮೊತ್ತದ ಲಾಭಕ್ಕಿಂತ ನಷ್ಟ ನಮ್ಮನ್ನು ಹೆಚ್ಚು ಕಾಡುತ್ತದೆ. ಆದರೆ ಕಾಡುವುದು ಬೇರೆ, ಎದ್ದು ಫೋನ್ ಮಾಡುವುದು ಬೇರೆ. ಹಾವರ್ಡ್ ಲೆವೆಂತಾಲ್ ಮತ್ತು ಸಂಗಡಿಗರು 1965ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕಿರುಹೊತ್ತಗೆಗಳನ್ನು ಕೊಟ್ಟರು, ಕೆಲವು ತೀರ ಭಯ ಹುಟ್ಟಿಸುವಂಥವು, ಕೆಲವು ಸೌಮ್ಯವಾದವು. ಭಯ ಹೆಚ್ಚಾದಷ್ಟೂ ‘ಲಸಿಕೆ ಹಾಕಿಸಿಕೊಳ್ಳುತ್ತೇನೆ’ ಎಂಬ ಮಾತು ಹೆಚ್ಚಾಯಿತು, ಆದರೆ ನಿಜವಾಗಿ ಹಾಕಿಸಿಕೊಂಡವರ ಸಂಖ್ಯೆಯಲ್ಲಿ ಅದು ಕಾಣಲಿಲ್ಲ. ಆರೋಗ್ಯ ಕೇಂದ್ರದ ನಕ್ಷೆ, ತೆರೆದಿರುವ ಸಮಯ, ಯಾವಾಗ ಹೋಗುವಿರೆಂದು ಯೋಚಿಸಿಡಿ ಎಂಬ ಸೂಚನೆ ಸೇರಿಸಿದಾಗ ಹೋದವರು ನೂರಕ್ಕೆ 3ರಿಂದ ಸುಮಾರು 28ಕ್ಕೆ ಏರಿದರು. ಭಯದ ಮಾತು ಏನೂ ಇಲ್ಲದೆ ನಕ್ಷೆ ಮಾತ್ರ ಪಡೆದವರಲ್ಲಿ ಯಾರೂ ಹೋಗಲಿಲ್ಲ ಎಂಬುದನ್ನೂ ಗಮನಿಸಬೇಕು.

ನಮ್ಮ ತೋಟಗಾರರದ್ದೂ ಇದೇ ಕಥೆ. ಮಹಾಳಿಯ ಭಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರನ್ನು ತಡೆದದ್ದು ‘ಮಳೆ ಬಿಟ್ಟ ದಿನ ಇವರು ಬರುತ್ತಾರೋ ಇಲ್ಲವೋ’ ಎಂಬ ಅನುಮಾನ. ಆದ್ದರಿಂದ ಹೊಸ ಕರಪತ್ರದಲ್ಲಿ ನಷ್ಟಕ್ಕೆ ಒಂದೇ ಸಾಲು ಬಿಟ್ಟು, ಉಳಿದ ಜಾಗದಲ್ಲಿ ಹೀಗೆ ಬರೆದೆವು: ‘ಮೊದಲ ಸಲ ಮದ್ದು ಬಿಟ್ಟ ದಿನವೇ ಎರಡನೆಯ ಸಲದ ವಾರವನ್ನು ಬರೆದಿಡುತ್ತೇವೆ. ಆ ವಾರ ಮಳೆ ಬಿಡುವು ಕೊಟ್ಟ ಬೆಳಗ್ಗೆ ನಾವೇ ಫೋನ್ ಮಾಡುತ್ತೇವೆ. ನೀವು ಸುಣ್ಣ ಮತ್ತು ನೀರು ಸಿದ್ಧವಿಟ್ಟರೆ ಸಾಕು.’ ಕರೆಗಳನ್ನು ತಂದದ್ದು ಈ ಸಾಲುಗಳೆಂದು ನಾನು ದೃಢವಾಗಿ ನಂಬಿದ್ದೇನೆ, ಏಕೆಂದರೆ ಫೋನ್ ಮಾಡಿದವರಲ್ಲಿ ಹೆಚ್ಚಿನವರ ಮೊದಲ ಮಾತೇ ‘ನಮ್ಮ ವಾರ ಯಾವುದು?’ ಎಂದಾಗಿತ್ತು.

ದರದ ವಿಷಯದಲ್ಲಿ ಮೊದಲು ನಾವು ‘ಮರಕ್ಕೆ ಇಷ್ಟು ರೂಪಾಯಿ’ ಎಂದು ಬರೆದು ಬಿಟ್ಟುಬಿಡುತ್ತಿದ್ದೆವು. ಪಕ್ಕದಲ್ಲಿ ಹೋಲಿಸಲು ಬೇರೆ ಅಂಕಿ ಇಲ್ಲದಿದ್ದರೆ ಓದುವವನು ತನ್ನ ನೆನಪಿನಿಂದ ಒಂದನ್ನು ತರುತ್ತಾನೆ. ನಮ್ಮ ತೋಟಗಾರರು ತಂದದ್ದು ಹತ್ತು ವರ್ಷ ಹಿಂದಿನ ದಿನಗೂಲಿಯನ್ನು, ಅದರ ಎದುರು ನಮ್ಮ ದರ ದುಬಾರಿಯಾಗಿ ಕಂಡಿತು. ಆಮೇಲೆ ಅಡಿಕೆಯ ಬೆಲೆಯನ್ನೇ ಮೊದಲು ಇಟ್ಟೆವು. ಉದಾಹರಣೆಗೆ ಒಣಗಿಸಿ ಸುಲಿದ ಚಾಲಿ ಅಡಿಕೆಗೆ ಕಿಲೋಗೆ 400 ರೂಪಾಯಿ, ಮದ್ದು ಬಿಡಲು ಮರಕ್ಕೆ 15 ರೂಪಾಯಿ ಎಂದಿಟ್ಟುಕೊಳ್ಳಿ. ಆ 15 ರೂಪಾಯಿ 40 ಗ್ರಾಂ ಚಾಲಿಯ ಬೆಲೆಗಿಂತ ಕಡಿಮೆ, ಎಂದರೆ ಐದಾರು ಅಡಿಕೆ. ‘ಒಂದು ಮರದಲ್ಲಿ ಐದಾರು ಕಾಯಿ ಉದುರದೆ ಉಳಿದರೆ ಈ ಸಲದ ಖರ್ಚು ಹುಟ್ಟಿತು’ ಎಂಬ ಸಾಲಿನ ಕೆಳಗೆ ದರ ಹಾಕಿದೆವು. 800 ಮರಗಳಿರುವವನಿಗೆ 12,000 ರೂಪಾಯಿ ಎಂಬ ಮೊತ್ತ ಮೊದಲು ಕಣ್ಣಿಗೆ ಬಿದ್ದರೆ ಅದೇ ದರ ಭಾರವೆನಿಸುತ್ತದೆ. ಆ ಮೊತ್ತವನ್ನು ನಾವು ಮುಚ್ಚಿಡಲಿಲ್ಲ, ಹೋಲಿಕೆಯ ನಂತರ ಹೇಳಿದೆವು.

ಈ ಐದಾರು ಅಡಿಕೆಯ ಸಾಲು ಭಾವನೆಯದೋ ಲೆಕ್ಕದ್ದೋ ಎಂದು ಯಾರಾದರೂ ಕೇಳಿದರೆ ನಾನು ಉತ್ತರಿಸಲಾರೆ. ಅದು ಪೂರ್ತಿ ಲೆಕ್ಕ. ಆದರೆ ಓದುವವನು ಕಾಣುವುದು ತನ್ನ ಅಂಗಳದಲ್ಲಿ ಬಿದ್ದ ಕಾಯಿಗಳನ್ನು. ಅದಕ್ಕಾಗಿಯೇ ನಿಮ್ಮ ಪ್ರಶ್ನೆಯ ಮೊದಲ ಭಾಗವನ್ನು ನಾನು ಒಪ್ಪುವುದಿಲ್ಲ. ಭಾವನೆ ಮತ್ತು ಲೆಕ್ಕದ ನಡುವೆ ಆಯ್ಕೆ ಮಾಡಲು ಹೊರಡುವ ಮೊದಲು, ಯಂತ್ರ ಬೇಕಿದ್ದರೂ ಕರೆ ಮಾಡದೆ ಉಳಿದ ಕೆಲವರ ಮನೆಗೆ ಹೋಗಿ ಏನು ತಡೆಯಿತೆಂದು ಕೇಳಿ. ದರ ಎಂದರೆ ಹೋಲಿಕೆಯ ಅಂಕಿ ಬದಲಿಸಿ, ಅನುಮಾನ ಎಂದರೆ ಬಳಸಿದ ನೆರೆಯವರನ್ನು ತೋರಿಸಿ, ‘ನಾಳೆ ನೋಡೋಣ’ ಎಂದರೆ ದಿನಾಂಕ ಕೊಡಿ.

ಎರಡು ಬರಹಗಳನ್ನು ಪರೀಕ್ಷಿಸುವುದಾದರೆ ಒಂದನ್ನು ಪೆರ್ಲದಲ್ಲಿ, ಇನ್ನೊಂದನ್ನು ಕುಂಬಳೆಯಲ್ಲಿ ಹಂಚಬೇಡಿ. ಮಳೆಯೂ ತೋಟಗಳ ಗಾತ್ರವೂ ಬೇರೆಯಾಗಿರುವಾಗ ವ್ಯತ್ಯಾಸ ಬರಹದಿಂದ ಬಂತೆಂದು ಹೇಳಲಾಗದು. ಒಂದೇ ಊರಿನ ವಿಳಾಸಪಟ್ಟಿಯಲ್ಲಿ ಮನೆ ಬಿಟ್ಟು ಮನೆಗೆ ಕಳುಹಿಸಿ, ಎರಡಕ್ಕೂ ಬೇರೆ ಬೇರೆ ಫೋನ್ ನಂಬರ್ ಕೊಟ್ಟು, ಕರೆಗಳನ್ನಲ್ಲ, ಕೆಲಸ ಮುಗಿದು ಹಣ ಬಂದ ಮನೆಗಳನ್ನು ಎಣಿಸಿ.

‘ಈಗಲೇ ತೆಗೆದುಕೊಳ್ಳಿ’ ಎಂಬುದನ್ನು ಬರೆಯುವುದಿದ್ದರೆ ಅದು ನಿಜವಾಗಿರಲಿ. ಹೊಡೆದುಹಾಕಿದ ಸುಳ್ಳು ಹಳೆಯ ದರ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಾಗಬಹುದು, ಇಲ್ಲದ ಅವಸರ ಹುಟ್ಟಿಸುವುದನ್ನು ಕೇಂದ್ರ ಸರ್ಕಾರದ 2023ರ ಮಾರ್ಗಸೂಚಿಗಳು ಹೆಸರಿಸಿಯೇ ನಿಷೇಧಿಸಿವೆ. ನಿಮ್ಮಲ್ಲಿ ಮೂರೇ ಯಂತ್ರಗಳಿದ್ದು ಜುಲೈ ತಿಂಗಳ ಎರಡನೆಯ ವಾರ ಆಗಲೇ ತುಂಬಿದ್ದರೆ, ‘ಮೂರು ಯಂತ್ರಗಳಿವೆ, ಎರಡನೆಯ ವಾರ ತುಂಬಿದೆ, ಮೂರನೆಯ ವಾರದ ಮಂಗಳವಾರದಿಂದ ಖಾಲಿ ಇದೆ’ ಎಂದಷ್ಟೇ ಬರೆದು ಅದರ ಕೆಳಗೆ ಫೋನ್ ನಂಬರ್ ಹಾಕಿ.