ಮೋಟಾರ್ ರಿವೈಂಡಿಂಗ್ ಅಂಗಡಿ ನೋಡಿ

“12 ವರ್ಷ ಕತಾರ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದೆ. ಕೈಯಲ್ಲಿ 8 ಲಕ್ಷ ಇದೆ. ಹೊಳಲ್ಕೆರೆಯಲ್ಲಿ ಏನು ಶುರು ಮಾಡಲಿ?”

ಅಣ್ಣಾ, ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡಿ. ನಮ್ಮ ಕಡೆ ಅಡಿಕೆ ತೋಟ ಬದುಕುವುದೇ ಬೋರಿನ ಮೇಲೆ ಅಲ್ವಾ? ಬೇಸಿಗೆಯಲ್ಲಿ ನೀರು ಇಳಿದು ಪಂಪ್ ಒಣಗಿ ಓಡುತ್ತದೆ, ಇಲ್ಲವೇ ಒಂದು ಫೇಸ್ ಹೋಗಿ ಕಾಯಿಲ್ ಸುಡುತ್ತದೆ. ಆಗ ತೋಟದವರು ಕಾಯುವುದಿಲ್ಲ.

ನೀರು ತುಂಬುವ ಮೋಟಾರ್ ಆದರೆ, ಸುತ್ತಿದ ಸ್ಟೇಟರನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು ಮೆಗ್ಗರ್ ಹಿಡಿಯಿರಿ. ರೀಡಿಂಗ್ ತೀರಾ ಇಳಿದಿದ್ದರೆ ತಂತಿಯ ಹೊದಿಕೆ ಎಲ್ಲೋ ಗೀಚಿರುತ್ತದೆ. ಅದನ್ನು ನೋಡದೆ ಬೋರಿಗೆ ಬಿಟ್ಟರೆ ಮತ್ತೆ ಎತ್ತುವ ಖರ್ಚು ನಿಮ್ಮ ಮೇಲೆ. ನನಗೆ ಮೊದಲ ವರ್ಷ ಹಾಗೇ ಆಯಿತು.

ಉದ್ರಿ ಜಾಸ್ತಿ, ಅಡಿಕೆ ಮಾರಿದ ಮೇಲೇ ಹಣ. ಅದಕ್ಕೇ 8 ಲಕ್ಷವನ್ನೂ ಅಂಗಡಿಗೆ ಸುರಿಯಬೇಡಿ, ಅರ್ಧವನ್ನು ತಂತಿಗೂ ಉದ್ರಿಗೂ ಇಟ್ಟುಕೊಳ್ಳಿ.