ಒಂದು ಮನೆ ಕೆಳಗಿಳಿದ ಒಂಟೆ

ಪ್ರಶ್ನೆ: ನಮ್ಮ ಚೆಸ್ ಕ್ಲಬ್ಬಿನ ವಾರ್ಷಿಕ ಚಾಂಪಿಯನ್‌ಶಿಪ್ ಮೊನ್ನೆ ಮುಗಿಯಿತು. ಕೊನೆಯ ಸುತ್ತಿನ ವರದಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಕ್ಲಬ್ ಪತ್ರಿಕೆಯಲ್ಲಿ ಸಿಗುವುದು ಎರಡೇ ಪುಟ. ನಿರ್ಣಾಯಕ ಆಟದ ನಡೆಗಳನ್ನೆಲ್ಲ ಹಾಕಲೇ, ಇಲ್ಲ ಕತೆಯ ಹಾಗೆ ಬರೆಯಲೇ?

ಅದೆಲ್ಲ ಆಮೇಲೆ. ಮೊದಲು ಆ ಆಟದ ಸ್ಕೋರ್‌ಶೀಟ್ ಎಷ್ಟನೇ ನಡೆಗೆ ನಿಂತಿದೆ ನೋಡಿ.

ನಾನು ಮಂಗಳೂರಿನ ಒಂದು ಸಣ್ಣ ಕ್ಲಬ್ಬಿನ ಪತ್ರಿಕೆಗೆ ಆರು ವರ್ಷ ಬರೆದೆ. ನಾಲ್ಕು ಪುಟ, ಜೆರಾಕ್ಸ್ ಪ್ರತಿ, ಮತ್ತೆ ವಾಟ್ಸಾಪ್‌ನಲ್ಲಿ ಪಿಡಿಎಫ್. ಮೂರನೇ ವರ್ಷ ನನಗೂ ನಿಮ್ಮ ಹಾಗೆ ಇದೇ ಚಿಂತೆ ಇತ್ತು. ಕತೆಯ ಹಾಗೆ ಬರೆಯುವುದು ಎಂದು ತೀರ್ಮಾನ ಮಾಡಿದೆ. ಚೆನ್ನಾಗಿಯೇ ಬರೆದೆ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಆ ವರದಿಯಿಂದ ಒಬ್ಬ ಹಿರಿಯರು ಐದು ತಿಂಗಳು ಕ್ಲಬ್ಬಿಗೆ ಕಾಲಿಡಲಿಲ್ಲ.

ಏಳು ಸುತ್ತಿನ ಸ್ವಿಸ್ ಟೂರ್ನಮೆಂಟ್. ಕೊನೆಯ ಸುತ್ತಿಗೆ ಮೊದಲು ಇಂಜಿನಿಯರಿಂಗ್ ಓದುವ ಒಬ್ಬ ಹುಡುಗನಿಗೆ 5.5 ಅಂಕ. ಅವನ ಹಿಂದೆ 5 ಅಂಕದಲ್ಲಿ ನಿವೃತ್ತ ಶಿಕ್ಷಕರೊಬ್ಬರು, ನಾವೆಲ್ಲ ಮಾಸ್ಟ್ರು ಎಂದೇ ಕರೆಯುವುದು. ಉಳಿದವರು ಯಾರೂ 4.5 ದಾಟಿರಲಿಲ್ಲ. ಅಂದರೆ ಮಾಸ್ಟ್ರು ಗೆದ್ದರೆ ಅವರು ಚಾಂಪಿಯನ್, ಡ್ರಾ ಆದರೂ ಸಾಕು ಹುಡುಗ ಚಾಂಪಿಯನ್. ಈ ಲೆಕ್ಕವನ್ನು ನಾನು ವರದಿಯ ಮೊದಲ ಮೂರು ಸಾಲಿನಲ್ಲೇ ಹೇಳಿದ್ದೆ. ನೀವೂ ಹಾಗೇ ಮಾಡಿ. ಯಾರಿಗೆ ಏನು ಬೇಕಿತ್ತು ಎಂದು ಗೊತ್ತಿಲ್ಲದೆ ಓದಿದರೆ ಡ್ರಾ ಎನ್ನುವುದು ಸಪ್ಪೆಯಾಗಿ ಕಾಣುತ್ತದೆ.

ಇನ್ನೊಂದು ವಿಷಯ ಇತ್ತು. ಹುಡುಗನಿಗೆ ಚೆಸ್ ಕಲಿಸಿದ್ದೇ ಮಾಸ್ಟ್ರು. ಇದು ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತು. ನಾನು ಅದನ್ನು ಬಣ್ಣ ಹಚ್ಚಿ ಬರೆದೆ, ಗುರು ಶಿಷ್ಯರ ಕಾಳಗ ಅಂತೆಲ್ಲ.

ಜುಲೈ ತಿಂಗಳ ಭಾನುವಾರ. ಹೊರಗೆ ನಮ್ಮೂರಿನ ಮಳೆ, ಹಾಲ್‌ನಲ್ಲಿ ಎರಡು ಸಲ ಕರೆಂಟ್ ಹೋಯಿತು. ಒಬ್ಬೊಬ್ಬರಿಗೆ ಒಂದು ಗಂಟೆ, ಪ್ರತಿ ನಡೆಗೆ ಹೆಚ್ಚುವರಿ ಸೆಕೆಂಡು ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ. ಪ್ರತಿ ನಡೆಗೆ 30 ಸೆಕೆಂಡು ಸೇರುವ ಆಟವಾದರೆ ಕೊನೆಯವರೆಗೂ ನಡೆ ಬರೆಯಲೇಬೇಕು. ಅಷ್ಟು ಸೇರದ ಆಟದಲ್ಲಿ ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಉಳಿದವನು ಬರೆಯಬೇಕಾಗಿಲ್ಲ ಎಂದು ಫಿಡೆ ನಿಯಮವೇ ಹೇಳುತ್ತದೆ. ಇಬ್ಬರೂ ಬರೆಯುವುದು ನಿಲ್ಲಿಸಿದಾಗ ಆರ್ಬಿಟರ್ ಅಥವಾ ಸಹಾಯಕರು ಪಕ್ಕದಲ್ಲಿ ನಿಂತು ಬರೆದುಕೊಳ್ಳಲು ನೋಡಬೇಕು. ನಮ್ಮಲ್ಲಿ ಆರ್ಬಿಟರ್ ಒಬ್ಬರೇ, ಅವರು ಆ ಹೊತ್ತಿಗೆ ಮೂರನೇ ಬೋರ್ಡಿನ ಜಗಳ ಬಿಡಿಸುತ್ತಿದ್ದರು. ಮಾಸ್ಟ್ರ ಶೀಟ್ 44ನೇ ನಡೆಗೆ ನಿಂತಿತು, ಹುಡುಗನದ್ದು 46ಕ್ಕೆ. ಆಟ ಮುಗಿದದ್ದು 66ಕ್ಕೆ. ನಿರ್ಣಾಯಕ ಆಟದ ನಿರ್ಣಾಯಕ ಭಾಗ ಯಾವ ಕಾಗದದಲ್ಲೂ ಇಲ್ಲ!

ನಾನು ಅಲ್ಲೇ ನಿಂತು ನೋಡುತ್ತಿದ್ದೆ, ಹಾಗಾಗಿ ಧೈರ್ಯ ಇತ್ತು. 57ನೇ ನಡೆಗೆ ಬಂದಾಗ ಬೋರ್ಡಿನಲ್ಲಿ ಉಳಿದದ್ದು ಆರೇ ಕಾಯಿ. ಬಿಳಿ ಆಡಿದ ಮಾಸ್ಟ್ರ ರಾಜ f4ರಲ್ಲಿ, ಒಂಟೆ e4ರಲ್ಲಿ, ಪದಾತಿಗಳು g4 ಮತ್ತು h5ರಲ್ಲಿ. ಹುಡುಗನ ರಾಜ g7ರಲ್ಲಿ, ಕುದುರೆ f7ರಲ್ಲಿ. (ಕ್ಲಬ್ಬಿನಲ್ಲಿ ನಾವು ಬಿಷಪ್, ಪಾನ್ ಎಂದೇ ಹೇಳುವುದು. ಒಂಟೆ, ಪದಾತಿ ಎಲ್ಲ ಪತ್ರಿಕೆಗೆ ಮಾತ್ರ.) ಮಾಸ್ಟ್ರಿಗೆ ಉಳಿದದ್ದು ಒಂದು ನಿಮಿಷಕ್ಕಿಂತ ಕಡಿಮೆ. ಅವರು ಪದಾತಿಯನ್ನು g5ಗೆ ತಳ್ಳಿದರು. ಹುಡುಗ ಉಸಿರು ಬಿಡುವ ಮೊದಲೇ ಕುದುರೆಯಿಂದ ಅದನ್ನು ಹೊಡೆದ. ರಾಜ ಕುದುರೆಯನ್ನು ತಿಂದ.

ನೋಡುವವರಿಗೆ ಹುಡುಗ ಸೋತ ಹಾಗೆ ಕಾಣುತ್ತದೆ, ಅಲ್ವಾ? ಅವನ ಹತ್ತಿರ ಬರೀ ರಾಜ, ಮಾಸ್ಟ್ರ ಹತ್ತಿರ ಒಂಟೆ ಮತ್ತು h ಸಾಲಿನ ಪದಾತಿ. ಆದರೆ ಅದು ಡ್ರಾ. ಆ ಪದಾತಿ ಮಂತ್ರಿಯಾಗಬೇಕಾದ ಮನೆ h8, ಅದು ಕಪ್ಪು ಮನೆ. ಮಾಸ್ಟ್ರ ಒಂಟೆ ಬಿಳಿ ಮನೆಯದ್ದು. ಹುಡುಗನ ರಾಜ h8 ಮೂಲೆಗೆ ಹೋಗಿ ಕೂತರೆ ಅಲ್ಲಿಂದ ಎಬ್ಬಿಸಲು ಆ ಒಂಟೆಗೆ ಯಾವ ಜನ್ಮಕ್ಕೂ ಸಾಧ್ಯವಿಲ್ಲ. ಜಾಸ್ತಿ ಒತ್ತಿದರೆ ಸ್ಟೇಲ್‌ಮೇಟ್. ಒಂಟೆ ಕಪ್ಪು ಮನೆಯದ್ದಾಗಿದ್ದರೆ ಮಾತ್ರ ಸಲೀಸಾದ ಗೆಲುವು. ಹುಡುಗ ಕುದುರೆ ಕೊಟ್ಟದ್ದೇ ಈ ಲೆಕ್ಕದ ಮೇಲೆ. ಮಾಸ್ಟ್ರು ಎಂಟು ನಡೆ ಪ್ರಯತ್ನಿಸಿ ಕೈ ಕುಲುಕಿದರು.

ಈಗ ನನ್ನ ತಪ್ಪು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬೇಜಾರಾದರೂ ಓದಿ. ನಡೆಗಳ ದಾಖಲೆ ಇಲ್ಲ ಎಂದು ನಾನು ಒಂದೇ ಒಂದು ಚಿತ್ರ ಹಾಕಿದೆ, ರಾಜ ಕುದುರೆಯನ್ನು ತಿಂದ ನಂತರದ ಸ್ಥಿತಿ. ಚಿತ್ರ ಮಾಡಿಕೊಡುವ ಸಾಫ್ಟ್‌ವೇರಿಗೆ ಸ್ಥಿತಿಯನ್ನು ಒಂದು ಸಾಲಿನಲ್ಲಿ ಟೈಪ್ ಮಾಡಿ ಕೊಡಬೇಕು. ಬೋರ್ಡಿನ ಎಂಟನೇ ಅಡ್ಡಸಾಲಿನಿಂದ ಶುರುವಾಗಿ ಒಂದನೇ ಸಾಲಿನವರೆಗೆ, ನಡುವೆ ಒಂದೊಂದು ಗೆರೆ. ಅಂಕಿ ಎಂದರೆ ಅಷ್ಟು ಖಾಲಿ ಮನೆ. ದೊಡ್ಡಕ್ಷರ ಬಿಳಿ ಕಾಯಿ, ಚಿಕ್ಕಕ್ಷರ ಕಪ್ಪು ಕಾಯಿ. ಟೈಪ್ ಮಾಡಬೇಕಾಗಿದ್ದದ್ದು ಇದು:

```
8/6k1/8/6KP/4B3/8/8/8 b - - 0 58
```

ರಾತ್ರಿ ಹನ್ನೊಂದೂವರೆಗೆ ನಾನು ಟೈಪ್ ಮಾಡಿದ್ದು ಇದು:

```
8/6k1/8/6KP/8/4B3/8/8 b - - 0 58
```

ಕಣ್ಣಿಗೆ ಬಿತ್ತಾ? ನನಗೆ ಬೀಳಲಿಲ್ಲ. ಒಂದು ಖಾಲಿ ಸಾಲು ಒಂಟೆಯ ಸಾಲಿನ ಮೊದಲು ಬಂದುಬಿಟ್ಟಿದೆ. e4ರಲ್ಲಿದ್ದ ಒಂಟೆ ಒಂದು ಮನೆ ಕೆಳಗಿಳಿದು e3ಕ್ಕೆ ಬಂತು. e4 ಬಿಳಿ ಮನೆ, e3 ಕಪ್ಪು. ಎಂಟೂ ಸಾಲು ಇವೆ, ಕಾಯಿಗಳೂ ಸರಿ ಇವೆ, ಹಾಗಾಗಿ ಸಾಫ್ಟ್‌ವೇರ್ ಚಕಾರ ಎತ್ತಲಿಲ್ಲ. ನನ್ನ ಚಿತ್ರದ ಪ್ರಕಾರ ಮಾಸ್ಟ್ರು ಕಣ್ಣುಮುಚ್ಚಿ ಗೆಲ್ಲುವ ಸ್ಥಿತಿಯಲ್ಲಿ ತಮ್ಮ ಶಿಷ್ಯನಿಗೆ ಡ್ರಾ ಕೊಟ್ಟು ಚಾಂಪಿಯನ್ ಮಾಡಿದ ಹಾಗಾಯಿತು.

ಅದರ ಕೆಳಗೆ ನನ್ನ ಸಾಹಿತ್ಯ ಬೇರೆ. "ಗೆಲ್ಲುವ ಆಟವನ್ನು ಮಾಸ್ಟ್ರು ಬಿಟ್ಟುಕೊಟ್ಟರು" ಎಂದು ಬರೆದಿದ್ದೆ. ಕೈತಪ್ಪಿತು ಎನ್ನುವ ಅರ್ಥದಲ್ಲಿ ಬರೆದದ್ದು. ಆ ಚಿತ್ರದ ಕೆಳಗೆ ಅದನ್ನು ಓದಿದವರಿಗೆ ಒಂದೇ ಅರ್ಥ ಸಿಗುವುದು. ಮೂರು ದಿನದಲ್ಲಿ ಯಾರೋ ಬಹುಮಾನದ ದುಡ್ಡು ಹಂಚಿಕೊಂಡರಂತೆ ಎನ್ನುವವರೆಗೆ ಮಾತು ಬೆಳೆಯಿತು. ನಡೆಗಳನ್ನು ಹಾಕಿದ್ದರೆ ಯಾರಾದರೂ ಬೋರ್ಡಿನಲ್ಲಿ ಆಡಿ ನೋಡಿ "ಚಿತ್ರ ತಪ್ಪು ಮಾರಾಯ" ಎಂದು ಹಿಡಿಯುತ್ತಿದ್ದರು. ಬರೀ ಚಿತ್ರ ಇದ್ದದ್ದರಿಂದ ಅದೇ ಸಾಕ್ಷಿಯಾಯಿತು.

ಅಚ್ಚಿಗೆ ಕೊಡುವ ಮೊದಲು ಇಬ್ಬರಿಗೂ ಒಂದು ಸಲ ಕಳಿಸಿದ್ದರೆ ಮುಗಿಯುತ್ತಿತ್ತು. ಕಳಿಸಲಿಲ್ಲ. ಓದಿ ಆಶ್ಚರ್ಯಪಡಲಿ ಎಂಬ ಆಸೆ.

ಮನೆಗೆ ಹೋಗಿ ಕ್ಷಮೆ ಕೇಳಿದೆ. ಮಾಸ್ಟ್ರು ಚಹಾ ಕೊಡಿಸಿದರು, ಬೈಯಲಿಲ್ಲ. "ನಾನು ಕೆಟ್ಟದಾಗಿ ಆಡಿದೆ ಅಂತ ಬರೀಬೇಕಿತ್ತು. ಅದು ನಿಜ. ನೀನು ನಾನು ಚೆನ್ನಾಗಿ ಆಡಿ ಮೋಸ ಮಾಡಿದೆ ಅಂತ ಬರೆದಿ" ಎಂದರು. ಮುಂದಿನ ಸಂಚಿಕೆಯ ಮೂಲೆಯಲ್ಲಿ ತಿದ್ದುಪಡಿ ಹಾಕಿದೆ. ಒಬ್ಬರೂ ಓದಲಿಲ್ಲ. ಕೊನೆಗೆ ಕ್ಲಬ್ಬಿನ ಗೋಡೆಗೆ ನೇತುಹಾಕುವ ದೊಡ್ಡ ಬೋರ್ಡಿನಲ್ಲಿ ಸರಿಯಾದ ಸ್ಥಿತಿಯನ್ನು ಜೋಡಿಸಿ, "ಬಿಳಿ ಗೆಲ್ಲಿಸಿ ತೋರಿಸಿದವರಿಗೆ ನನ್ನ ಲೆಕ್ಕದಲ್ಲಿ ಗೋಳಿಬಜೆ" ಎಂದು ಚೀಟಿ ಅಂಟಿಸಿದೆ. ಎರಡು ವಾರ ಜನ ತಲೆ ಕೆರೆದುಕೊಂಡರು. ಮಾತು ನಿಂತದ್ದು ಆಮೇಲೆ.

ತಮಾಷೆ ಏನೆಂದರೆ ನಿಜವಾದ ಕತೆ ನನ್ನ ಕತೆಗಿಂತ ಚೆನ್ನಾಗಿತ್ತು. ಅದು ಸಿಕ್ಕಿದ್ದು ಇಬ್ಬರನ್ನೂ ಒಟ್ಟಿಗೆ ಕೂರಿಸಿ 46ನೇ ನಡೆಯಿಂದ ಮತ್ತೆ ಆಡಿಸಿದಾಗ, ಅದೂ ಐದು ತಿಂಗಳು ತಡವಾಗಿ. g5ಗೆ ತಳ್ಳುವ ಹೊತ್ತಿಗೆ ಹುಡುಗ ಹೇಳಿದ, "ಸರ್, ಇಲ್ಲಿ ಒಂಟೆ d5ಗೆ ಬಂದಿದ್ರೆ ನಾನು ಸೋಲ್ತಿದ್ದೆ." ಮಾಸ್ಟ್ರು ಎರಡು ನಿಮಿಷ ಬೋರ್ಡನ್ನೇ ನೋಡಿದರು. ನಿಜ. ಒಂಟೆ d5ಗೆ ಬಂದರೆ f7ರ ಕುದುರೆಗೆ ಏಟು. ಕುದುರೆ h6ಗೆ ಓಡಿದರೆ ಈಗ g5, ಅದಕ್ಕೆ ಹೋಗಲು ಒಂದೂ ಸುರಕ್ಷಿತ ಮನೆ ಇಲ್ಲ. ಬೇರೆ ಕಡೆ ಓಡಿದರೂ ಅಷ್ಟೆ. g5ರ ಪದಾತಿಯನ್ನು ಹೊಡೆಯಲು ಕುದುರೆ ಆರು ಮನೆಗಳಲ್ಲಿ ಒಂದರಲ್ಲಿ ನಿಲ್ಲಬೇಕು. ಅದರಲ್ಲಿ e4, e6, f3, f7 ನಾಲ್ಕನ್ನೂ d5ರ ಒಂಟೆ ಒಂದೇ ಕಡೆ ಕೂತು ಕಾಯುತ್ತದೆ. ಕುದುರೆಯನ್ನು ಕೊಟ್ಟು g ಪದಾತಿಯನ್ನು ತೆಗೆಯುವ ದಾರಿ ಮುಚ್ಚಿತು. ಎರಡು ಪದಾತಿ ಉಳಿದರೆ ಒಂಟೆಯ ಬಣ್ಣ ಯಾರಿಗೆ ಬೇಕು? ಮಾಸ್ಟ್ರು g5 ಆಡಿದ್ದು ತಪ್ಪಲ್ಲ, ಒಂದು ನಡೆ ಮೊದಲೇ ಆಡಿದ್ದು ತಪ್ಪು. ಇಡೀ ಚಾಂಪಿಯನ್‌ಶಿಪ್ ಅಷ್ಟರಲ್ಲೇ ಇತ್ತು. ನನ್ನ ವರದಿಯಲ್ಲಿ ಅದರ ಸುದ್ದಿಯೇ ಇಲ್ಲ.

ಹಾಗಾಗಿ ನಡೆಗಳೋ ಕತೆಯೋ ಎನ್ನುವ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸುವುದಿಲ್ಲ. ಮೊದಲ ಮೂವತ್ತು ನಡೆಗಳನ್ನು ಓಪನಿಂಗಿನ ಹೆಸರು ಹೇಳಿ ಎರಡು ಸಾಲಿನಲ್ಲಿ ದಾಟಿಸಿ, ಪತ್ರಿಕೆ ಓದುವವರು ಯಾರೂ ಅದನ್ನು ಆಡಿ ನೋಡುವುದಿಲ್ಲ. ಆಟ ತಿರುಗಿದ ನಡೆಯ ಹಿಂದೆ ಮುಂದೆ ಹತ್ತು ಹನ್ನೆರಡು ನಡೆಗಳನ್ನು ಪೂರ್ತಿ ಹಾಕಿ. ಚಿತ್ರ ಒಂದೇ ಸಾಕು. ಆದರೆ ನನ್ನ ಹಾಗೆ ಎಲ್ಲ ಮುಗಿದ ಮೇಲಿನದ್ದು ಬೇಡ, ತಪ್ಪು ನಡೆಗೆ ಸ್ವಲ್ಪ ಮೊದಲಿನದ್ದು ಹಾಕಿ. ಯಾರ ಸರದಿ ಎಂದು ಕೆಳಗೆ ಬರೆಯಿರಿ. ಕತೆ ಅದರ ಸುತ್ತ ತಾನಾಗಿ ಬರುತ್ತದೆ.

ಆಟ ಮೊನ್ನೆ ಮುಗಿದದ್ದು ಎನ್ನುತ್ತೀರಿ. ಇಬ್ಬರಿಗೂ ಇವತ್ತೇ ಫೋನ್ ಮಾಡಿ. ನಮ್ಮ ಹುಡುಗನಿಗೆ 49ರಿಂದ 52ರವರೆಗೆ ಏನು ಆಡಿದ್ದೆಂದು ಐದು ತಿಂಗಳ ಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆ ನಾಲ್ಕು ನಡೆ ಇವತ್ತಿಗೂ ನನ್ನ ಕಡತದಲ್ಲಿ ಖಾಲಿ ಇದೆ.